ಒಂದು ಪ್ರಿಂಟರ್, ಹದಿನಾಲ್ಕು ಜನ: ಜಗಳ ಹುಟ್ಟಿಸದ ನೋಟಿಸ್ ಬರೆಯುವುದು ಹೇಗೆ

ನಮ್ಮ ಆಫೀಸಿನ ಪ್ರಿಂಟರ್ ಮೇಲೆ ಮೊದಲು ಒಂದು ನೋಟಿಸ್ ಇತ್ತು. "ದಯವಿಟ್ಟು ಕಾಗದ ಉಳಿಸಿ, ಸಹಕರಿಸಿ." ಅಷ್ಟೇ. ಅದರ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ "ಮೊದಲು ನೀವು" ಅಂತ ಬರೆದಿದ್ದರು. ಬರೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಆದರೆ ಅವರು ಬರೆದದ್ದರಲ್ಲಿ ತಪ್ಪಿರಲಿಲ್ಲ. ಎಷ್ಟು ಉಳಿಸಬೇಕು, ಯಾರು ಉಳಿಸಬೇಕು, ಉಳಿಸದಿದ್ದರೆ ಏನಾಗುತ್ತೆ ಅನ್ನುವುದು ಆ ನೋಟಿಸಿನಲ್ಲಿ ಒಂದೂ ಇರಲಿಲ್ಲ.

ಆಮೇಲೆ ಒಂದು ದಿನ ತಿಂಗಳ ಕೊನೆಯಲ್ಲಿ, ಲೆಕ್ಕಪತ್ರದವರಿಗೆ ತುರ್ತು ಇದ್ದಾಗಲೇ ಟ್ರೇ ಖಾಲಿ, ಟೋನರ್ ಮುಗಿಯುವ ಹಂತ, ಮೇಲಿಂದ ಪೇಪರ್ ಜಾಮ್. ಹಿಂದಿನ ಸಂಜೆ ಯಾರೋ ನೂರಾರು ಪುಟದ ಕೈಪಿಡಿ ಒಂದೇ ಬದಿಯಲ್ಲಿ ಪ್ರಿಂಟ್ ಹಾಕಿ, ಜಾಮ್ ಆದಾಗ ಸುಮ್ನೆ ಎದ್ದು ಹೋಗಿದ್ದರು. ದೊಡ್ಡ ಮಾತುಕತೆ ಆಯಿತು. ಕೊನೆಗೆ ಹೊಸ ನಿಯಮ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾನು ಮೊದಲ ಸಲ ಬರೆದದ್ದು ಕೆಟ್ಟದಾಗಿತ್ತು, ಎರಡನೇ ಸಲ ಬರೆದದ್ದು ನಿಂತಿತು. ಆ ಎರಡನೆಯದನ್ನು ಹೇಗೆ ಮಾಡಿದೆವು ಅಂತ ಇಲ್ಲಿ ಹೇಳುತ್ತೇನೆ. ಕೊನೆಯಲ್ಲಿ ನೋಟಿಸ್ ಪೂರ್ತಿ ಇದೆ, ನಿಮ್ಮ ಸಂಖ್ಯೆಗಳನ್ನು ಹಾಕಿಕೊಂಡು ಬಳಸಬಹುದು.

ಬರೆಯುವ ಮೊದಲು ಒಂದು ತಿಂಗಳು ಎಣಿಸಿ

ನನ್ನ ಮೊದಲ ತಪ್ಪು ಇದು. ಕೂತ ಜಾಗದಲ್ಲೇ "ತಲಾ 150 ಪುಟ" ಅಂತ ಬರೆದುಬಿಟ್ಟೆ. 150 ಎಲ್ಲಿಂದ ಬಂತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದ ಸಂಖ್ಯೆಯನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಹಾಗಾಗಿ ಮೊದಲು ಎಣಿಸಿ. ನಾಲ್ಕು ವಾರವಾದರೂ ಬೇಕು, ಅದರೊಳಗೆ ಒಂದು ತಿಂಗಳ ಕೊನೆ ಬರಲೇಬೇಕು, ಇಲ್ಲದಿದ್ದರೆ ಲೆಕ್ಕಪತ್ರದವರ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಒಟ್ಟು ಎಷ್ಟು ಅನ್ನುವುದು ಸುಲಭ. ಪ್ರಿಂಟರಿನ ಒಳಗೇ ಒಂದು ಮೀಟರ್ ಇರುತ್ತದೆ, ಅದರ ಪರದೆಯ ಮೆನುವಿನಲ್ಲಿ ಒಟ್ಟು ಪುಟಗಳ ಸಂಖ್ಯೆ ಸಿಗುತ್ತದೆ. ತಿಂಗಳ ಮೊದಲ ದಿನ ಒಮ್ಮೆ, ಕೊನೆಯ ದಿನ ಒಮ್ಮೆ ಬರೆದಿಟ್ಟುಕೊಂಡು ಕಳೆದರೆ ಆಯಿತು.

ಯಾರು ಎಷ್ಟು ಅನ್ನುವುದು ಸ್ವಲ್ಪ ಕಷ್ಟ. ವಿಂಡೋಸ್ ಸರ್ವರ್ ಮೂಲಕ ಪ್ರಿಂಟ್ ಹೋಗುತ್ತಿದ್ದರೆ, ಸರ್ವರಿನ ದಾಖಲೆ ತೋರಿಸುವ Event Viewer ಒಳಗೆ PrintService ಅಂತ ಇದೆ, ಅದರ ಕೆಳಗಿನ Operational ಲಾಗ್ ಅನ್ನು ಆನ್ ಮಾಡಬೇಕು, ಅದು ತಾನಾಗಿ ಆನ್ ಇರುವುದಿಲ್ಲ. ಆಮೇಲೆ ಪ್ರತಿ ಪ್ರಿಂಟಿಗೂ 307 ಅನ್ನುವ ಸಂಖ್ಯೆಯ ಒಂದು ಸಾಲು ಬೀಳುತ್ತದೆ: ಯಾರು ಕಳಿಸಿದರು, ಯಾವ ಪ್ರಿಂಟರ್, ಎಷ್ಟು ಪುಟ. ಆದರೆ ಇದನ್ನೇ ಕಣ್ಣು ಮುಚ್ಚಿ ನಂಬಬೇಡಿ. ಒಬ್ಬರು ಐದು ಪುಟದ ಪತ್ರವನ್ನು ಹತ್ತು ಕಾಪಿ ಹಾಕಿದರೆ ಆ ಸಾಲಿನಲ್ಲಿ ಐದು ಅಂತಲೇ ಇರುವುದುಂಟು. ಗಾಜಿನ ಮೇಲಿಟ್ಟು ತೆಗೆದ ಜೆರಾಕ್ಸ್ ಅಂತೂ ಈ ಲಾಗಿಗೆ ಬರುವುದೇ ಇಲ್ಲ. ಅದಕ್ಕೇ ಲಾಗಿನ ಮೊತ್ತ ಮತ್ತು ಮೀಟರಿನ ಮೊತ್ತ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ತುಂಬಾ ವ್ಯತ್ಯಾಸ ಇದ್ದರೆ ಕಾರಣ ಈ ಎರಡರಲ್ಲೇ ಎಲ್ಲೋ ಇರುತ್ತದೆ.

ಇನ್ನೊಂದು ಮಾತು. ಆ ಲಾಗಿನಲ್ಲಿ ಫೈಲಿನ ಹೆಸರೂ ಕಾಣಿಸಬಹುದು. ನಾನು ಪಟ್ಟಿ ತೆಗೆದಾಗ ಒಬ್ಬರ ಹೆಸರಿನ ಎದುರು ರಾಜೀನಾಮೆ ಪತ್ರ ಅನ್ನುವ ಅರ್ಥದ ಫೈಲ್ ಹೆಸರು ಕಂಡಿತು. ಅವರು ಆಗಿನ್ನೂ ಯಾರಿಗೂ ಹೇಳಿರಲಿಲ್ಲ. ಅವತ್ತೇ ಆ ಕಾಲಮ್ ಅಳಿಸಿದೆ. ನೀವೂ ಮೊದಲು ಅದನ್ನು ಅಳಿಸಿ, ಆಮೇಲೆ ಎಣಿಸಿ. ಹೆಸರು ಹೆಸರಾಗಿ ಪಟ್ಟಿಯನ್ನು ಗೋಡೆಗೆ ಅಂಟಿಸುವ ಯೋಚನೆ ಬಂದರೆ ಅದನ್ನೂ ಅಲ್ಲಿಗೇ ಬಿಡಿ.

ಪುಟ ಬೇರೆ, ಹಾಳೆ ಬೇರೆ

ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಒಂದು ಹಾಳೆಗೆ ಎರಡು ಬದಿ. ನಾನು ಇಲ್ಲಿ ಒಂದು ಬದಿಯನ್ನು ಪುಟ ಅಂತೀನಿ. ಎರಡೂ ಬದಿ ಪ್ರಿಂಟ್ ಹಾಕಿದರೆ ಒಂದು ಹಾಳೆ, ಆದರೆ ಎರಡು ಪುಟ. ಕಾಗದದ ಖರ್ಚು ಹಾಳೆಯ ಲೆಕ್ಕದಲ್ಲಿ ಹೋಗುತ್ತದೆ, ಟೋನರ್ ಖರ್ಚು ಪುಟದ ಲೆಕ್ಕದಲ್ಲಿ. ಯಂತ್ರ ಬಾಡಿಗೆಗೆ ತಂದಿದ್ದರೆ ಬಿಲ್ ಕೂಡ ಸಾಮಾನ್ಯವಾಗಿ ಪುಟದ ಲೆಕ್ಕದಲ್ಲೇ ಬರುತ್ತದೆ.

ಈಗ ಮಿತಿಯನ್ನು ಪುಟದಲ್ಲಿ ಇಟ್ಟಿರೋ, ಹಾಳೆಯಲ್ಲಿ ಇಟ್ಟಿರೋ? ಪುಟದಲ್ಲಿ ಇಟ್ಟರೆ, ಎರಡೂ ಬದಿ ಹಾಕಿದವರಿಗೆ ಲಾಭ ಏನೂ ಇಲ್ಲ, ಅವರ ಲೆಕ್ಕ ಅಷ್ಟೇ ಬೇಗ ಮುಗಿಯುತ್ತದೆ. ಹಾಳೆಯಲ್ಲಿ ಇಟ್ಟರೆ ಎರಡೂ ಬದಿ ಹಾಕುವುದಕ್ಕೆ ತಾನಾಗಿ ಮನಸ್ಸು ಬರುತ್ತದೆ, ಆದರೆ ಟೋನರ್ ಎಷ್ಟು ಹೋಗುತ್ತೆ ಅನ್ನುವುದು ಹಿಡಿತಕ್ಕೆ ಸಿಗುವುದಿಲ್ಲ. ನಾವು ಪುಟದಲ್ಲೇ ಇಟ್ಟೆವು. ಎರಡೂ ಬದಿಯ ಪ್ರಿಂಟ್ ತಾನಾಗಿ ಬರುವಂತೆ ಸೆಟ್ಟಿಂಗ್ ಮಾಡಿದ ಮೇಲೆ ಅದಕ್ಕೆ ಬೇರೆ ಆಸೆ ತೋರಿಸಬೇಕಾಗಿಲ್ಲ ಅಂತ ನಮ್ಮ ಲೆಕ್ಕಾಚಾರ. ನೀವು ಬೇರೆ ಥರ ತೀರ್ಮಾನಿಸಬಹುದು, ಆದರೆ ಯಾವುದು ಅನ್ನುವುದನ್ನು ನೋಟಿಸಿನಲ್ಲಿ ಬರೆಯಿರಿ. ಬರೆಯದಿದ್ದರೆ ಪ್ರತಿಯೊಬ್ಬರೂ ತಮಗೆ ಅನುಕೂಲವಾದ ಅರ್ಥ ಹಿಡಿಯುತ್ತಾರೆ.

ಒಂದು ಸಣ್ಣ ಪರೀಕ್ಷೆಯೂ ಮಾಡಿ. ಮೀಟರಿನ ಸಂಖ್ಯೆಯನ್ನು ಪರದೆಯಲ್ಲೇ ನೋಡಿ ಬರೆದುಕೊಳ್ಳಿ. ಮೂರು ಪುಟದ ಒಂದು ಫೈಲನ್ನು ಎರಡೂ ಬದಿ ಬರುವಂತೆ ಪ್ರಿಂಟ್ ಹಾಕಿ. ಮತ್ತೆ ಮೀಟರ್ ನೋಡಿ. ಮೂರು ಏರಿದರೆ ಸರಿ. ನಾಲ್ಕು ಏರಿದರೆ, ಎರಡನೇ ಹಾಳೆಯ ಖಾಲಿ ಹಿಂಬದಿಯನ್ನೂ ನಿಮ್ಮ ಯಂತ್ರ ಪುಟ ಅಂತ ಎಣಿಸುತ್ತಿದೆ, ಅದನ್ನು ಮಿತಿ ಇಡುವಾಗ ಸೇರಿಸಿಕೊಳ್ಳಬೇಕು. ಸಂಖ್ಯೆಯನ್ನು ಪ್ರಿಂಟ್ ಹಾಕಿ ನೋಡಬೇಡಿ, ಆ ಪ್ರಿಂಟೇ ಮೀಟರಿಗೆ ಸೇರಿ ಲೆಕ್ಕ ತಪ್ಪುತ್ತದೆ. ನಾನು ಹಾಗೆ ಮಾಡಿ ಹತ್ತು ನಿಮಿಷ ತಲೆ ಕೆರೆದುಕೊಂಡಿದ್ದೆ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ

ನಮ್ಮ ಒಂದು ತಿಂಗಳ ಲೆಕ್ಕ ಹೀಗಿತ್ತು. ಒಟ್ಟು 5,200 ಪುಟ, ಹದಿನಾಲ್ಕು ಜನ. ಭಾಗಿಸಿದರೆ ತಲಾ ಸುಮಾರು 371. ಅಷ್ಟನ್ನೇ ಎಲ್ಲರಿಗೂ ಕೊಟ್ಟರೆ ಆಯ್ತಲ್ಲ ಅನ್ನಿಸುತ್ತೆ ಅಲ್ವಾ? ಒಳಗೆ ಇಳಿದು ನೋಡಿ.

ಲೆಕ್ಕಪತ್ರದ ಇಬ್ಬರು ಸೇರಿ 2,100. ಮುಂಬಾಗಿಲ ಟೇಬಲ್ಲಿನ ಒಬ್ಬರು, ಬಂದವರಿಗೆಲ್ಲ ಅರ್ಜಿ ಕೊಡುವವರು, 1,150. ಉಳಿದ ಹನ್ನೊಂದು ಜನ ಸೇರಿ 1,950. ಆ ಹನ್ನೊಂದರಲ್ಲೂ ಒಬ್ಬರದೇ 640, ಅದೇ ಮೊದಲು ಹೇಳಿದ ಕೈಪಿಡಿಯ ಮಹಿಮೆ. ಅವರನ್ನು ಬಿಟ್ಟರೆ ಹತ್ತು ಜನರಿಗೆ 1,310, ಅಂದರೆ ತಲಾ 131. ಇಬ್ಬರಂತೂ ಇಡೀ ತಿಂಗಳಲ್ಲಿ ಇಪ್ಪತ್ತು ಪುಟವನ್ನೂ ದಾಟಿರಲಿಲ್ಲ.

ತಲಾ 371 ಅಂತ ಇಟ್ಟಿದ್ದರೆ ಲೆಕ್ಕಪತ್ರದವರು ತಿಂಗಳ ಮಧ್ಯಕ್ಕೂ ಮೊದಲೇ ನಿಂತುಬಿಡುತ್ತಿದ್ದರು, ಉಳಿದ ಹತ್ತು ಜನರಿಗೆ ಮಿತಿ ಇದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಕಾಗದವೇ ಕೆಲಸ ಆಗಿರುವವರಿಗೆ ಶಿಕ್ಷೆ, ಬೇಕಿಲ್ಲದವರಿಗೆ ಬಹುಮಾನ. ಹಾಗಾಗಿ ಮಿತಿಯನ್ನು ಮನುಷ್ಯನಿಗಲ್ಲ, ಕೆಲಸಕ್ಕೆ ಕೊಡಬೇಕು.

ನಾವು ಮಾಡಿದ್ದು ಇಷ್ಟು. ಸಾಮಾನ್ಯ ಕೆಲಸದ ಹನ್ನೊಂದು ಜನರಿಗೆ ತಿಂಗಳಿಗೆ ತಲಾ 200. ಅವರಲ್ಲಿ ಹತ್ತು ಜನ ನಿಜವಾಗಿ ಬಳಸುತ್ತಿದ್ದ 131ಕ್ಕಿಂತ ಆರಾಮಾಗಿ ಜಾಸ್ತಿ, ಯಾರೂ ಪುಟ ಎಣಿಸುತ್ತಾ ಕೂರಬೇಕಾಗಿಲ್ಲ. ಲೆಕ್ಕಪತ್ರಕ್ಕೆ ಇಬ್ಬರಿಗೂ ಸೇರಿ 2,400, ಯಾರು ಎಷ್ಟು ಅನ್ನುವುದು ಅವರವರ ನಡುವಿನ ವಿಷಯ. ಮುಂಬಾಗಿಲ ಟೇಬಲ್ಲಿಗೆ 1,300. ಇದರ ಜೊತೆ 300 ಪುಟ ಯಾರ ಹೆಸರಿಗೂ ಇಲ್ಲದೆ ಪಕ್ಕಕ್ಕೆ ಇಟ್ಟೆವು, ಅನಿರೀಕ್ಷಿತ ಕೆಲಸಕ್ಕೆ. ಎಲ್ಲಾ ಸೇರಿ 6,200. ಇದು ಆ ತಿಂಗಳ 5,200ಕ್ಕಿಂತ ಜಾಸ್ತಿಯೇ ಅಲ್ವಾ ಅಂತ ಮ್ಯಾನೇಜರ್ ಕೇಳಿದರು. ಹೌದು, ಜಾಸ್ತಿಯೇ. ಮಿತಿ ಇರುವುದು 640 ಪುಟದ ಕೈಪಿಡಿಯನ್ನು ಒಂದು ನಿಮಿಷ ತಡೆದು "ಇದು ಪ್ರಿಂಟ್ ಆಗಲೇಬೇಕಾ" ಅಂತ ಕೇಳಿಸಲು, ರೋಜಿನ ಕೆಲಸಕ್ಕೆ ಅಡ್ಡಿ ಮಾಡಲು ಅಲ್ಲ. ಎಲ್ಲರೂ ತಮ್ಮ ಮಿತಿಯನ್ನು ಪೂರ್ತಿ ಮುಗಿಸುವುದೂ ಇಲ್ಲ.

ಮಿತಿ ಮುಗಿದಾಗ ಏನು? ಹೆಚ್ಚಿನ ನೋಟಿಸುಗಳು ಇದನ್ನೇ ಬರೆಯುವುದಿಲ್ಲ. ಮೂರು ವಿಷಯ ಬೇಕು: ಯಾರನ್ನು ಕೇಳಬೇಕು, ಅವರು ರಜೆಯಲ್ಲಿದ್ದರೆ ಯಾರು, ಎಷ್ಟು ಹೊತ್ತಿನಲ್ಲಿ ಉತ್ತರ. ನಾವು ಆಡಳಿತ ವಿಭಾಗದ ಒಬ್ಬರನ್ನು ಇಟ್ಟೆವು, ಅವರಿಲ್ಲದಿದ್ದರೆ ಮುಂಬಾಗಿಲ ಟೇಬಲ್, ಒಂದು ಗಂಟೆಯೊಳಗೆ ಹೌದು ಅಥವಾ ಇಲ್ಲ. ಗಂಟೆ ದಾಟಿದರೂ ಉತ್ತರ ಬರದಿದ್ದರೆ ಹೌದು ಅಂತಲೇ ಅರ್ಥ. ಕೊನೆಯ ಸಾಲನ್ನು ಹಾಕಿಸಲು ನಾನು ಸ್ವಲ್ಪ ಜಗಳವನ್ನೇ ಆಡಬೇಕಾಯಿತು, ಆದರೆ ಅದಿಲ್ಲದಿದ್ದರೆ ಅನುಮತಿ ಕೊಡುವವರ ಸೋಮಾರಿತನಕ್ಕೆ ಕೇಳುವವರು ಬೆಲೆ ತೆರಬೇಕಾಗುತ್ತದೆ.

ಮಿತಿಯನ್ನು ಯಂತ್ರವೇ ನೋಡಿಕೊಳ್ಳುವಂತೆ ಮಾಡಬಹುದು. ಲಿನಕ್ಸ್ ಸರ್ವರಿನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ CUPS ಇದ್ದರೆ ಬೇರೆ ಏನೂ ಕೊಳ್ಳಬೇಕಾಗಿಲ್ಲ, ಒಂದು ಸಾಲು ಸಾಕು:

```
lpadmin -p Office1 -o job-quota-period=2592000 -o job-page-limit=200
```

Office1 ಅನ್ನುವಲ್ಲಿ ನಿಮ್ಮ ಪ್ರಿಂಟರಿನ ಹೆಸರು ಬರಬೇಕು. 2592000 ಅಂದರೆ 30 ದಿನದ ಸೆಕೆಂಡುಗಳು. ಎರಡೂ ಬದಿಯ ಹಾಳೆಯನ್ನು ಇದು ಎರಡು ಪುಟ ಅಂತಲೇ ಎಣಿಸುತ್ತದೆ. ಆದರೆ ಇದಕ್ಕೆ ಎರಡು ಕೊರತೆ ಇದೆ. ಈ ಮಿತಿ ಆ ಹೆಸರಿನ ಪ್ರಿಂಟರಿಗೆ ಕಳಿಸುವ ಎಲ್ಲರಿಗೂ ತಲಾ ಒಂದೇ, ಹಾಗಾಗಿ ಲೆಕ್ಕಪತ್ರದವರಿಗೆ ಅದೇ ಯಂತ್ರವನ್ನು ಇನ್ನೊಂದು ಹೆಸರಿನಲ್ಲಿ ಸೇರಿಸಿ ಬೇರೆ ಮಿತಿ ಕೊಡಬೇಕು. ಮತ್ತೆ, ಮಿತಿ ದಾಟಿದರೆ ಇದು ಪ್ರಿಂಟನ್ನು ಕಾಯಿಸಿ ಇಡುವುದಿಲ್ಲ, ನೇರ ತಿರಸ್ಕರಿಸುತ್ತದೆ. ಅದಕ್ಕೇ ನಾವು ಇದನ್ನು ಬಳಸಲಿಲ್ಲ. ಆಡಳಿತದವರು ವಾರಕ್ಕೊಮ್ಮೆ ಲಾಗ್ ನೋಡಿ, 160 ದಾಟಿದವರಿಗೆ ಅವರಿಗೊಬ್ಬರಿಗೇ ಒಂದು ಸಾಲಿನ ಸಂದೇಶ ಕಳಿಸುತ್ತಾರೆ. ಹದಿನಾಲ್ಕು ಜನರಿಗೆ ಇಷ್ಟೇ ಸಾಕು. ನೂರು ಜನ ಇದ್ದರೆ ಸಾಕಾಗುವುದಿಲ್ಲ, ಆಗ ಇದಕ್ಕೆಂದೇ ಇರುವ ಸಾಫ್ಟ್‌ವೇರ್ ಬೇಕು.

ಎರಡೂ ಬದಿ: ಹೇಳಬೇಡಿ, ಸೆಟ್ ಮಾಡಿ

"ಎಲ್ಲರೂ ಎರಡೂ ಬದಿ ಪ್ರಿಂಟ್ ಹಾಕಬೇಕು" ಅಂತ ಬರೆದರೆ ಯಾರೂ ಹಾಕುವುದಿಲ್ಲ. ಬೇಡ ಅಂತಲ್ಲ, ನೆನಪಿರುವುದಿಲ್ಲ. ಪ್ರಿಂಟ್ ಒತ್ತಿದ ಕೂಡಲೇ ಎರಡೂ ಬದಿ ಬರುವಂತೆ ಮೊದಲೇ ಸೆಟ್ ಮಾಡಿಟ್ಟರೆ ನೆನಪಿಡುವ ಕೆಲಸವೇ ಇಲ್ಲ, ಒಂದೇ ಬದಿ ಬೇಕಾದವರು ಮಾತ್ರ ಎರಡು ಸಲ ಕ್ಲಿಕ್ ಮಾಡಬೇಕು.

ವಿಂಡೋಸಿನಲ್ಲಿ ಒಂದು ಗೊಂದಲ ಇದೆ. ಪ್ರಿಂಟರಿನ ಮೇಲೆ ಬಲ ಕ್ಲಿಕ್ ಮಾಡಿದರೆ ಸಿಗುವ Printing Preferences ಅನ್ನುವುದು ನಿಮ್ಮೊಬ್ಬರ ಸೆಟ್ಟಿಂಗ್. ಎಲ್ಲರಿಗೂ ಅನ್ವಯ ಆಗಬೇಕಾದದ್ದು Printer properties ಒಳಗೆ Advanced ಟ್ಯಾಬಿನಲ್ಲಿರುವ Printing Defaults. ನಾನು ಮೊದಲನೆಯದನ್ನು ಬದಲಿಸಿ, ಎಲ್ಲರಿಗೂ ಆಯಿತು ಅಂತ ಮೇಲ್ ಕಳಿಸಿ, ಒಂದು ವಾರ ಕಾಯುತ್ತಾ ಕೂತಿದ್ದೆ. ಸರ್ವರ್ ನೋಡಿಕೊಳ್ಳುವವರಿದ್ದರೆ ಈ ಸಾಲು ಅವರಿಗೆ ಕೊಡಿ:

```
Set-PrintConfiguration -PrinterName "Office1" -DuplexingMode TwoSidedLongEdge
```

CUPS ಆದರೆ ಇದು:

```
lpadmin -p Office1 -o sides-default=two-sided-long-edge
```

ಇಷ್ಟಾದ ಮೇಲೂ ಮೊದಲೇ ತಮ್ಮದೇ ಸೆಟ್ಟಿಂಗ್ ಮಾಡಿಕೊಂಡವರಿಗೆ ಹಳೆಯದೇ ಉಳಿಯುತ್ತದೆ. ನಮ್ಮಲ್ಲಿ ಹಾಗೆ ನಾಲ್ಕು ಕಂಪ್ಯೂಟರ್ ಇದ್ದವು, ಒಂದೊಂದರ ಹತ್ತಿರ ಹೋಗಿ ಬದಲಿಸಿದೆ. ಇದಕ್ಕೆ ಅಡ್ಡದಾರಿ ಹುಡುಕುವುದಕ್ಕಿಂತ ಎದ್ದು ಹೋಗುವುದೇ ಬೇಗ.

ಸಾಲಿನ ಕೊನೆಯಲ್ಲಿ ಬರುವ ಲಾಂಗ್ ಎಡ್ಜ್ ಅಂದರೆ ಪುಸ್ತಕದ ಹಾಗೆ ಉದ್ದದ ಅಂಚಿನಿಂದ ಮಗುಚುವುದು. ಉದ್ದುದ್ದ ನಿಂತ ಪತ್ರಗಳಿಗೆ ಇದು ಸರಿ. ಅಡ್ಡಡ್ಡ ಹಾಕಿದ ಎಕ್ಸೆಲ್ ಪಟ್ಟಿಗಳನ್ನು ಎಡಬದಿಯಲ್ಲಿ ಸ್ಟೇಪಲ್ ಹಾಕಿ ಪುಸ್ತಕದ ಹಾಗೆ ಮಗುಚುವವರಿಗೆ ಮಾತ್ರ ಹಿಂಬದಿ ತಲೆಕೆಳಗಾಗಿ ಕಾಣುತ್ತದೆ. ಅವರಿಗೆ ಶಾರ್ಟ್ ಎಡ್ಜ್ ಬೇಕು. ಇದನ್ನು ನೋಟಿಸಿನಲ್ಲಿ ಒಂದು ಸಾಲು ಬರೆಯಿರಿ, ಇಲ್ಲದಿದ್ದರೆ "ಎರಡೂ ಬದಿ ಹಾಕಿದರೆ ಉಲ್ಟಾ ಬರುತ್ತೆ" ಅಂತ ಲೆಕ್ಕಪತ್ರದವರು ಆ ಸೆಟ್ಟಿಂಗನ್ನೇ ತೆಗೆದುಬಿಡುತ್ತಾರೆ. ನಮ್ಮಲ್ಲಿ ಎರಡನೇ ದಿನವೇ ತೆಗೆದಿದ್ದರು.

ಒಂದೇ ಬದಿ ಯಾವುದಕ್ಕೆ ಸರಿ? ಲೇಬಲ್ ಹಾಳೆ, ದಪ್ಪ ಕಾಗದ, ಲೆಟರ್‌ಹೆಡ್, ಪಡೆಯುವವರು ಒಂದೇ ಬದಿಯಲ್ಲಿ ಕೇಳಿರುವ ಅರ್ಜಿ ಮತ್ತು ಕರಾರು. ಇವಕ್ಕೆ ಯಾರ ಅನುಮತಿಯೂ ಬೇಡ ಅಂತ ಬರೆಯಿರಿ. ಲೇಬಲ್ ಹಾಳೆಯನ್ನು ಎರಡು ಸಲ ಯಂತ್ರದೊಳಗೆ ಸುತ್ತಿಸಿದರೆ ಬಿಸಿಗೆ ಲೇಬಲ್ ಕಿತ್ತು ರೋಲರಿಗೆ ಅಂಟಿಕೊಳ್ಳುವ ಅಪಾಯ ಇದೆ, ಆ ರಿಪೇರಿ ಉಳಿಸಿದ ಕಾಗದವನ್ನೆಲ್ಲ ನುಂಗಿಹಾಕುತ್ತದೆ.

ಇದರಿಂದ ಕಾಗದ ಅರ್ಧಕ್ಕೆ ಇಳಿಯುತ್ತದೆ ಅಂತ ಮಾತ್ರ ಯಾರಿಗೂ ಮಾತು ಕೊಡಬೇಡಿ. ಒಂದೇ ಪುಟದ ಪತ್ರಕ್ಕೆ ಎಷ್ಟೇ ಸೆಟ್ಟಿಂಗ್ ಮಾಡಿದರೂ ಒಂದು ಹಾಳೆ ಬೇಕೇ ಬೇಕು. ನಮ್ಮ 5,200ರಲ್ಲಿ ಎರಡೂ ಬದಿಗೆ ಬರಬಹುದಾದದ್ದು ಸುಮಾರು 3,000 ಪುಟ. ಅದು 1,500 ಹಾಳೆಗೆ ಇಳಿಯುತ್ತದೆ, ಉಳಿದ 2,200 ಹಾಗೇ ಇರುತ್ತದೆ. 5,200 ಹಾಳೆ ಇದ್ದದ್ದು 3,700 ಆಗುತ್ತದೆ, ಅಂದರೆ ತಿಂಗಳಿಗೆ 500 ಹಾಳೆಯ ಮೂರು ರೀಮ್ ಉಳಿತಾಯ. ಅರ್ಧ ಅಲ್ಲ, ಮೂರರಲ್ಲಿ ಒಂದು ಪಾಲಿಗೂ ಸ್ವಲ್ಪ ಕಡಿಮೆ.

ಜಾಮ್: ಹೇಳಿದವರೇ ಕಳ್ಳರಾಗಬಾರದು

ನಮ್ಮ ಹಳೆಯ ಪದ್ಧತಿಯಲ್ಲಿ ಜಾಮ್ ಆಗಿದೆ ಅಂತ ಹೇಳಲು ಹೋದವರಿಗೆ ಸಿಗುತ್ತಿದ್ದ ಮೊದಲ ಪ್ರಶ್ನೆ "ಏನು ಮಾಡಿದ್ರಿ?" ಗೂಬೆ ಕೂರುವುದು ಹೇಳಿದವರ ತಲೆ ಮೇಲೆ. ಹಾಗಾಗಿ ಎಲ್ಲರೂ ಒಂದು ಉಪಾಯ ಕಲಿತಿದ್ದರು: ಜಾಮ್ ಆದರೆ ಅತ್ತಿತ್ತ ನೋಡಿ ಟೀ ಕುಡಿಯಲು ಹೋಗುವುದು. ಮುಂದೆ ಬಂದವರು ಜಾಮ್ ಆಗಿರುವುದು ಗೊತ್ತಿಲ್ಲದೆ ಪ್ರಿಂಟ್ ಕೊಡುತ್ತಾರೆ, ಬರಲಿಲ್ಲ ಅಂತ ಮತ್ತೆ ಕೊಡುತ್ತಾರೆ, ಮತ್ತೊಮ್ಮೆ ಕೊಡುತ್ತಾರೆ. ಕೊನೆಗೆ ಯಾರೋ ಪುಣ್ಯಾತ್ಮರು ಸಿಕ್ಕಿದ ಹಾಳೆ ತೆಗೆದ ಕೂಡಲೇ ಸಾಲಿನಲ್ಲಿ ನಿಂತ ಎಲ್ಲವೂ ಹೊರಗೆ ಬರುತ್ತವೆ. ಒಂದು ಸಲ ಒಂದೇ ಎಂಟು ಪುಟದ ವರದಿ ಐದು ಪ್ರತಿ ಬಂದಿತ್ತು. ಕಾಗದ ಹೆಚ್ಚು ಹಾಳಾಗುತ್ತಿದ್ದದ್ದು ಜಾಮಿನಿಂದಲ್ಲ, ಜಾಮ್ ಬಗ್ಗೆ ಯಾರೂ ಬಾಯಿ ಬಿಡದೆ ಇದ್ದದ್ದರಿಂದ.

ಹಾಗಾಗಿ ನೋಟಿಸಿನಲ್ಲಿ ಬರಲೇಬೇಕಾದ ಒಂದು ಸಾಲು: ಜಾಮ್ ತಿಳಿಸಿದವರನ್ನು ಕಾರಣ ಕೇಳುವುದಿಲ್ಲ, ಜಾಮಿನಲ್ಲಿ ಹಾಳಾದ ಪುಟ ಯಾರ ಲೆಕ್ಕಕ್ಕೂ ಹೋಗುವುದಿಲ್ಲ. ಎರಡನೆಯದು: ಮತ್ತೆ ಪ್ರಿಂಟ್ ಕೊಡಬೇಡಿ. ಬಹಳಷ್ಟು ಯಂತ್ರಗಳು ಸಿಕ್ಕಿದ ಹಾಳೆ ತೆಗೆದ ಮೇಲೆ ನಿಂತ ಪುಟದಿಂದಲೇ ತಾವಾಗಿ ಮುಂದುವರಿಯುತ್ತವೆ.

ತೆಗೆಯುವ ವಿಧಾನ ಪರದೆಯ ಮೇಲೆ ಚಿತ್ರ ಸಮೇತ ಬರುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪರದೆ ಹೇಳದ ವಿಷಯ ಮಾತ್ರ ಹೇಳುತ್ತೇನೆ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಾಧ್ಯವಾದಷ್ಟು ಅದು ಹೋಗುತ್ತಿದ್ದ ದಿಕ್ಕಿಗೇ, ನಿಧಾನವಾಗಿ ನೇರ ಎಳೆಯಿರಿ. ಒಂದು ಮೂಲೆ ಹಿಡಿದು ಜಗ್ಗಿದರೆ ಹರಿಯುತ್ತದೆ. ಹರಿದರೆ ತುಂಡುಗಳನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಟೇಬಲ್ ಮೇಲೆ ಜೋಡಿಸಿ ನೋಡಿ, ಮಕ್ಕಳು ಚಿತ್ರದ ತುಂಡು ಜೋಡಿಸುವ ಹಾಗೆ. ಹಾಳೆ ಪೂರ್ತಿ ಆಗದೆ ಒಂದು ಮೂಲೆ ಕಡಿಮೆ ಬಿದ್ದರೆ ಆ ಮೂಲೆ ಇನ್ನೂ ಒಳಗಿದೆ, ಅರ್ಧ ಗಂಟೆಯಲ್ಲಿ ಮತ್ತೆ ಜಾಮ್ ಆಗುವುದು ಅದರಿಂದಲೇ. ಟೋನರನ್ನು ಕಾಗದಕ್ಕೆ ಅಂಟಿಸುವ ಫ್ಯೂಸರ್ ಭಾಗ ಚರ್ಮ ಸುಡುವಷ್ಟು ಬಿಸಿ ಇರುತ್ತದೆ, ಎಚ್ಚರಿಕೆಯ ಚಿತ್ರ ಅಂಟಿಸಿದ ಕಡೆ ಕೈ ಹಾಕಬೇಡಿ. ಚಾಕು, ಕತ್ತರಿ, ಸ್ಕೇಲ್ ಯಾವುದನ್ನೂ ಒಳಗೆ ತೂರಿಸಬೇಡಿ.

ಆಮೇಲೆ ಬರೆಯುವುದು. ಪ್ರಿಂಟರಿನ ಪಕ್ಕ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಹಾಳೆ ನೇತುಹಾಕಿದೆವು. ಐದೇ ಕಾಲಮ್: ದಿನ ಮತ್ತು ಹೊತ್ತು, ಯಾವ ಟ್ರೇ, ಎಲ್ಲಿ ಸಿಕ್ಕಿತ್ತು, ಒಂದೇ ಬದಿಯೋ ಎರಡೂ ಬದಿಯೋ, ಕಾಗದ ತುಂಬಿ ಎಷ್ಟು ಹೊತ್ತಾಗಿತ್ತು. ಹೆಸರಿಗೆ ಕಾಲಮ್ ಇಲ್ಲ, ಬೇಕಂತಲೇ ಇಟ್ಟಿಲ್ಲ.

ಕೊನೆಯ ಕಾಲಮ್ ಸುಮ್ನೆ ಇರಲಿ ಅಂತ ಸೇರಿಸಿದ್ದು, ಅದೇ ಕೆಲಸಕ್ಕೆ ಬಂತು. ನಾಲ್ಕು ವಾರದಲ್ಲಿ ಹನ್ನೊಂದು ಜಾಮ್. ಅದರಲ್ಲಿ ಎಂಟು ಎರಡನೇ ಟ್ರೇ. ರೋಲರ್ ಸವೆದಿದೆ, ಬದಲಿಸಬೇಕು ಅಂತ ಎಲ್ಲರೂ ತೀರ್ಮಾನಿಸಿದ್ದರು. ಆದರೆ ಆ ಎಂಟರಲ್ಲಿ ಆರರ ಎದುರು "ಈಗಷ್ಟೇ ತುಂಬಿದ್ದು" ಅಂತ ಇತ್ತು. ರೋಲರ್ ಸವೆದಿದ್ದರೆ ಟ್ರೇ ತುಂಬಿದ್ದರೂ ಅರ್ಧ ಖಾಲಿಯಿದ್ದರೂ ತೊಂದರೆ ಕೊಡಬೇಕಿತ್ತು. ಟ್ರೇ ಎಳೆದು ನೋಡಿದೆವು. ಒಳಗೋಡೆಯ ಮೇಲೆ ಒಂದು ಸಣ್ಣ ಗೀಟು ಇದೆ, ಕಾಗದ ಅದನ್ನು ದಾಟಬಾರದು. ಯಾರೋ ಕಾಲು ಭಾಗ ಉಳಿದಿರುವಾಗಲೇ ಅದರ ಮೇಲೆ ಪೂರ್ತಿ ರೀಮ್ ಸುರಿದು, ಟ್ರೇಯನ್ನು ಒತ್ತಿ ಮುಚ್ಚುತ್ತಿದ್ದರು. ಪಕ್ಕದ ತಡೆಪಟ್ಟಿಯೂ ಹಾಳೆಗೆ ತಾಗದೆ ಒಂದು ಬೆರಳು ದೂರ ನಿಂತಿತ್ತು, ಹಾಳೆ ಓರೆಯಾಗಿ ಹೋಗುತ್ತಿತ್ತು. ಗೀಟಿನ ಮೇಲೆ ಕೆಂಪು ಟೇಪ್ ಅಂಟಿಸಿದೆವು, ತಡೆಪಟ್ಟಿ ಸರಿ ಮಾಡಿದೆವು. ಮುಂದಿನ ತಿಂಗಳು ಆ ಟ್ರೇಯಲ್ಲಿ ಒಂದೇ ಜಾಮ್. ಮೆಕ್ಯಾನಿಕ್‌ಗೆ ಫೋನ್ ಮಾಡಲೇ ಇಲ್ಲ.

ಹಾಳೆಯನ್ನು ಓದುವ ರೀತಿ ಹೀಗೆ. ಒಂದೇ ಟ್ರೇಯಿಂದ ಬರುವ ಜಾಮ್ ಆದರೆ ಆ ಟ್ರೇಯ ಕಾಗದ, ತಡೆಪಟ್ಟಿ, ಆಮೇಲೆ ರೋಲರ್, ಈ ಕ್ರಮದಲ್ಲಿ ನೋಡಿ. ಯಾವ ಟ್ರೇಯಿಂದ ಬಂದರೂ ಒಂದೇ ಜಾಗದಲ್ಲಿ ಸಿಕ್ಕುತ್ತಿದ್ದರೆ ತೊಂದರೆ ಆ ಜಾಗದ್ದು, ಮೆಕ್ಯಾನಿಕ್ ಬೇಕು. ಎರಡೂ ಬದಿ ಹಾಕಿದಾಗ ಮಾತ್ರ ಸಿಕ್ಕುತ್ತಿದ್ದರೆ ಕಾಗದದ ಮೇಲೆ ಅನುಮಾನ ಪಡಿ: ಥಂಡಿ ಎಳೆದುಕೊಂಡ ಕಾಗದ ಮೊದಲ ಸುತ್ತಿನ ಬಿಸಿಗೇ ಸುರುಳಿಯಾಗಿ ಎರಡನೇ ಸುತ್ತಿಗೆ ಸರಿಯಾಗಿ ಹೋಗುವುದಿಲ್ಲ. ರೀಮನ್ನು ಬೇಕಾದಾಗ ಮಾತ್ರ ಒಡೆಯಿರಿ, ಉಳಿದದ್ದನ್ನು ಅದರ ಹೊದಿಕೆಯಲ್ಲೇ ಸುತ್ತಿಡಿ.

ಒಂದು ಬದಿ ಬಳಸಿದ ಹಾಳೆಯನ್ನು ಮತ್ತೆ ಟ್ರೇಗೆ ಹಾಕುವ ಅಭ್ಯಾಸವೂ ನಮ್ಮಲ್ಲಿತ್ತು. ಉದ್ದೇಶ ಒಳ್ಳೆಯದೇ. ಆದರೆ ಅದರಲ್ಲಿ ಮರೆತ ಸ್ಟೇಪಲ್ ಪಿನ್, ಮಡಿಚಿದ ಮೂಲೆ, ಹಳೆಯ ಸುಕ್ಕು ಎಲ್ಲಾ ಇರುತ್ತವೆ. ಅದನ್ನು ಚೀಟಿ ಬರೆಯಲು ಇಟ್ಟುಕೊಳ್ಳಿ, ಯಂತ್ರಕ್ಕೆ ಬೇಡ.

ನೋಟಿಸ್

ಒಂದು ಪುಟ ದಾಟಬಾರದು. ದಾಟಿದರೆ ಹನುಮಂತನ ಬಾಲ, ಯಾರೂ ಓದುವುದಿಲ್ಲ. ನಮ್ಮದು ಇದು:

*ಪ್ರಿಂಟರ್ ಬಳಸುವ ಎಲ್ಲರಿಗೂ*

*ಮುಂದಿನ ತಿಂಗಳ 1ರಿಂದ ಈ ನಿಯಮಗಳು ಶುರು. ಮೂರು ತಿಂಗಳಾದ ಮೇಲೆ ಎಲ್ಲರೂ ಕೂತು ಮತ್ತೆ ನೋಡೋಣ.*

*ಎಷ್ಟು ಪುಟ: ತಲಾ ತಿಂಗಳಿಗೆ 200. ಲೆಕ್ಕಪತ್ರ ವಿಭಾಗಕ್ಕೆ ಒಟ್ಟು 2,400, ಮುಂಬಾಗಿಲ ಟೇಬಲ್ಲಿಗೆ 1,300. ಕಳೆದ ತಿಂಗಳು ಎಣಿಸಿ ಇಟ್ಟ ಸಂಖ್ಯೆಗಳು ಇವು. ಹಾಳೆಯ ಒಂದು ಬದಿ ಅಂದರೆ ಒಂದು ಪುಟ. ಜೆರಾಕ್ಸ್ ಈ ಲೆಕ್ಕಕ್ಕೆ ಸೇರಿಲ್ಲ. ಉಳಿದ ಪುಟ ಮುಂದಿನ ತಿಂಗಳಿಗೆ ಹೋಗುವುದಿಲ್ಲ.*

*ಜಾಸ್ತಿ ಬೇಕಾದರೆ: ಆಡಳಿತ ವಿಭಾಗಕ್ಕೆ ಒಂದು ಸಂದೇಶ ಕಳಿಸಿ, ಏನು ಕೆಲಸ ಮತ್ತು ಎಷ್ಟು ಪುಟ ಅಂತ ಬರೆದರೆ ಸಾಕು. ಅವರಿಲ್ಲದಿದ್ದರೆ ಮುಂಬಾಗಿಲ ಟೇಬಲ್. ಒಂದು ಗಂಟೆಯಲ್ಲಿ ಉತ್ತರ ಬರದಿದ್ದರೆ ಪ್ರಿಂಟ್ ಹಾಕಿಕೊಳ್ಳಿ. ಒಂದೇ ಸಲಕ್ಕೆ 100 ಪುಟ ದಾಟುವ ಕೆಲಸವನ್ನು ಸಂಜೆ 4ರ ಮೇಲೆ ಹಾಕಿ, ಅದು ಮುಗಿಯುವವರೆಗೆ ಯಂತ್ರದ ಹತ್ತಿರವೇ ಇರಿ.*

*ಎರಡೂ ಬದಿ: ಇನ್ನು ಮೇಲೆ ತಾನಾಗಿ ಎರಡೂ ಬದಿ ಬರುತ್ತದೆ. ಲೇಬಲ್, ದಪ್ಪ ಕಾಗದ, ಲೆಟರ್‌ಹೆಡ್, ಒಂದೇ ಬದಿಯಲ್ಲಿ ಕೇಳಿದ ಅರ್ಜಿ ಮತ್ತು ಕರಾರಿಗೆ ಒಂದೇ ಬದಿ ಆರಿಸಿಕೊಳ್ಳಿ, ಕೇಳಬೇಕಾಗಿಲ್ಲ. ಅಡ್ಡ ಪಟ್ಟಿಯ ಹಿಂಬದಿ ತಲೆಕೆಳಗಾಗಿ ಬಂದರೆ ಶಾರ್ಟ್ ಎಡ್ಜ್ ಆರಿಸಿ.*

*ಜಾಮ್ ಆದರೆ: ಮತ್ತೆ ಪ್ರಿಂಟ್ ಕೊಡಬೇಡಿ. ಪರದೆ ತೋರಿಸಿದಂತೆ ತೆಗೆಯಿರಿ, ಹರಿದರೆ ತುಂಡುಗಳನ್ನು ಜೋಡಿಸಿ ನೋಡಿ. ಐದು ನಿಮಿಷದಲ್ಲಿ ಆಗದಿದ್ದರೆ ಬಿಟ್ಟು, "ಜಾಮ್ ಆಗಿದೆ, ತಿಳಿಸಿದ್ದೇನೆ" ಅನ್ನುವ ಫಲಕ ನೇತುಹಾಕಿ, ಆಡಳಿತ ವಿಭಾಗಕ್ಕೆ ಹೇಳಿ. ತೆಗೆದರೂ ತೆಗೆಯದಿದ್ದರೂ ಪಕ್ಕದ ಹಾಳೆಯಲ್ಲಿ ಒಂದು ಸಾಲು ಬರೆಯಿರಿ. ಹೆಸರು ಬೇಡ. ಯಾರೂ ಕಾರಣ ಕೇಳುವುದಿಲ್ಲ. ಹಾಳಾದ ಪುಟ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ.*

*ಯಾರು ಎಷ್ಟು ಬಳಸಿದರು ಅನ್ನುವುದನ್ನು ಆಡಳಿತ ವಿಭಾಗದ ಒಬ್ಬರು ಮಾತ್ರ ನೋಡುತ್ತಾರೆ. ಫೈಲಿನ ಹೆಸರನ್ನು ಇಟ್ಟುಕೊಳ್ಳುವುದಿಲ್ಲ. ಈ ನಿಯಮ ಮ್ಯಾನೇಜರಿಗೂ ಅನ್ವಯಿಸುತ್ತದೆ.*

ಕೊನೆಯ ವಾಕ್ಯ ಪೆನ್ಸಿಲ್ಲಿನಲ್ಲಿ ಬರೆದವರಿಗೆ ಉತ್ತರ. ಮ್ಯಾನೇಜರ್ ಓದಿ ನಕ್ಕರು, ಆದರೆ ತೆಗೆಯಲು ಹೇಳಲಿಲ್ಲ. ಎರಡನೇ ತಿಂಗಳ ಮೂರನೇ ವಾರದಲ್ಲಿ 160 ದಾಟಿದ ಸಂದೇಶ ಮೊದಲು ಹೋದದ್ದು ಅವರಿಗೇ.

ನೋಟಿಸನ್ನು ಕಣ್ಣಿನ ಎತ್ತರಕ್ಕೆ, ಹಾಳೆ ಹೊರಗೆ ಬರುವ ಜಾಗದ ಮೇಲೆ ಅಂಟಿಸಿ. ಪ್ರಿಂಟಿಗೆ ಕಾಯುತ್ತಾ ನಿಂತವರು ಬೇರೆ ಏನೂ ಮಾಡಲು ಇಲ್ಲದೆ ಅದನ್ನು ಓದುತ್ತಾರೆ. ಜಾಮ್ ಭಾಗವನ್ನು ಮಾತ್ರ ಕತ್ತರಿಸಿ ಇನ್ನೊಂದು ಪ್ರತಿಯನ್ನು ಟ್ರೇಯ ಹತ್ತಿರ ಅಂಟಿಸಿ, ಜಾಮ್ ಆದಾಗ ಜನ ಬಗ್ಗಿ ನೋಡುವುದು ಅಲ್ಲಿ. ಮತ್ತೆ, ನೋಟಿಸ್ ಪ್ರಿಂಟ್ ಹಾಕುವಾಗ ಒಂದೇ ಬದಿ ಆರಿಸಲು ಮರೆಯಬೇಡಿ. ನನ್ನ ನೋಟಿಸಿನ ಅರ್ಧ ಭಾಗ ಮೊದಲ ಸಲ ಗೋಡೆಯ ಕಡೆಗೆ ಮುಖ ಮಾಡಿತ್ತು.